ಸಹಾಯ ಬೇಕು: (1 + 1/n)^n ಗೆ ಮೇಲ್ಮಿತಿ 4 ಸಾಕಾ, 3 ಬೇಕೇ ಬೇಕಾ?

ಎಲ್ಲರಿಗೂ ನಮಸ್ಕಾರ. ಕೊಪ್ಪಳದಲ್ಲಿ ಬಿಎಸ್ಸಿ ಓದ್ತಿದ್ದೇನೆ. e ಇದೆ ಅಂತ ಸಾಧಿಸುವ ಕಡೆ ಸಿಕ್ಕಿಬಿದ್ದಿದ್ದೇನೆ.

ಸೀಕ್ವೆನ್ಸ್ ಏರುತ್ತೆ ಅನ್ನೋದು ಸರಾಸರಿ ಅಸಮತೆಯಿಂದ (ಎಎಂ-ಜಿಎಂ) ಬಂತು. (1 + 1/n) ಅನ್ನು n ಸಲ, ಜೊತೆಗೆ ಒಂದು 1 ತಗೊಂಡೆ. ಒಟ್ಟು n+1 ಸಂಖ್ಯೆ, ಮೊತ್ತ n+2. ಸರಾಸರಿ 1 + 1/(n+1). ಹಾಗಾಗಿ

(1 + 1/n)^n < (1 + 1/(n+1))^(n+1)

ಮೇಲ್ಮಿತಿಗೂ ಅದೇ ಉಪಾಯ. ಈ ಸಲ 1 ರ ಬದಲು ಎರಡು 1/2 ಸೇರಿಸಿದೆ. ಈಗ n+2 ಸಂಖ್ಯೆ, ಮೊತ್ತವೂ n+2, ಸರಾಸರಿ ಸರಿಯಾಗಿ 1. ಗುಣಲಬ್ಧ 1 ಕ್ಕಿಂತ ಕಡಿಮೆ, ಅಂದರೆ (1 + 1/n)^n < 4. ಎಷ್ಟು ಚೆನ್ನಾಗಿದೆ ಅಲ್ವಾ!

ಆದರೆ ನೋಟ್ಸ್‌ನಲ್ಲಿ ದ್ವಿಪದ ವಿಸ್ತರಣೆ ಮಾಡಿ, 1/k! ≤ 1/2^(k-1) ಬಳಸಿ 3 ತಂದಿದ್ದಾರೆ. ಕ್ಯಾಲ್ಕುಲೇಟರಲ್ಲಿ n=100 ಕ್ಕೆ ಬರೋದು ಬರೀ 2.7048. ಮಿತಿ 4 ಅಂದ್ರೆ ಲಿಮಿಟ್ಟೂ 4 ಆಗ್ಬೇಕು ಅಂತ ರೂಮ್‌ಮೇಟ್ ವಾದ. ನನಗೆ ಹಾಗನ್ನಿಸಲ್ಲ, ಆದ್ರೆ ಕಾರಣ ಹೇಳೋಕೆ ಬರ್ತಿಲ್ಲ.

ನನ್ನ ಪ್ರಶ್ನೆ: ಏರುವ ಸೀಕ್ವೆನ್ಸ್‌ಗೆ ಲಿಮಿಟ್ ಇದೆ ಅನ್ನೋಕೆ 4 ರಂಥ ಸಡಿಲ ಮಿತಿ ಸಾಕಾ? ಸಾಕು ಅಂದ್ರೆ, ಲಿಮಿಟ್ 4 ಅಲ್ಲ ಅಂತ ದ್ವಿಪದ ಬಳಸದೆ ತೋರಿಸೋದು ಹೇಗೆ?