ಪದಬಂಧ ಆಪ್: ಸರಿಯಾದ ಪದ ಹಾಕಿದರೂ ತಪ್ಪು ಅನ್ನುತ್ತದೆ!

ಕಾಫಿಹೂವು (ಚಿಕ್ಕಮಗಳೂರು)
ತಲೆ ಕೆಟ್ಟುಹೋಗಿದೆ. ಪದಬಂಧ ಆಪ್‌ನಲ್ಲಿ ಸರಿಯಾದ ಪದವನ್ನೇ ಬರೆದಿದ್ದೇನೆ, ಕೆಂಪು ಗೆರೆ ಬರುತ್ತದೆ. "ಉತ್ತರ ನೋಡಿ" ಒತ್ತಿದರೆ ನಾನು ಬರೆದ ಪದವನ್ನೇ ತೋರಿಸುತ್ತದೆ. ಅಂಕ ಮಾತ್ರ ಕಟ್. ಫೋನ್ ಆಫ್ ಮಾಡಿ ಆನ್ ಮಾಡಿದ್ದಾಯಿತು, ಆಪ್ ತೆಗೆದು ಮತ್ತೆ ಹಾಕಿದ್ದಾಯಿತು. ಯಾರಿಗಾದರೂ ಗೊತ್ತಾ?

ಹಾಸನಹುಡುಗ
ಯಾವ ಪದ? ಯಾವ ಕೀಬೋರ್ಡ್? ಇದು ಹೇಳದೆ ಹೇಗೆ ಹೇಳೋದು ಮೇಡಂ?

ನುಡಿಪ್ರೇಮಿ
ಫಾಂಟ್ ಸಮಸ್ಯೆ. ಫೋನಿನ ಕನ್ನಡ ಫಾಂಟ್ ಬದಲಾಯಿಸಿ. ನನಗೂ ಹಿಂದೆ ಒತ್ತಕ್ಷರವೆಲ್ಲ ಬಿಡಿಬಿಡಿಯಾಗಿ ಕಾಣುತ್ತಿತ್ತು, ಫಾಂಟ್ ಹಾಕಿದ ಮೇಲೆ ಸರಿಹೋಯಿತು.

ಕಾಫಿಹೂವು
ಕಾಣುವುದೆಲ್ಲ ಚೆನ್ನಾಗಿಯೇ ಕಾಣುತ್ತದೆ. ಸುಳಿವು: "ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ". ಉತ್ತರ ಪಲ್ಪರ್. ನಮ್ಮ ತೋಟದಲ್ಲೇ ಇದೆ, ಇದಕ್ಕೆ ಬೇರೆ ಹೆಸರು ಯಾರೂ ಹೇಳಲ್ಲ. ಫೋನ್ ಜೊತೆ ಬಂದ ಕೀಬೋರ್ಡ್.

ನುಡಿಪ್ರೇಮಿ
ಹಾಗಾದರೆ ಖಂಡಿತ ಫಾಂಟೇ. ಆಪ್ ಒಳಗಿನ ಫಾಂಟ್ ಬೇರೆ, ನಿಮ್ಮ ಫೋನಿನದು ಬೇರೆ.

ಕೀಲಿಮಣೆ
ಫಾಂಟ್ ಬರೀ ಚಿತ್ರ ಬರೆಯುತ್ತದೆ ಸ್ವಾಮಿ. ಆಪ್ ಎರಡು ಪದ ಒಂದೇ ಹೌದೋ ಅಲ್ಲವೋ ಅಂತ ನೋಡುವಾಗ ಚಿತ್ರ ನೋಡುವುದಿಲ್ಲ, ಹಿಂದಿರುವ ಸಂಕೇತಗಳ ಸಾಲನ್ನು ನೋಡುತ್ತದೆ. ಕಣ್ಣಿಗೆ ಒಂದೇ ಆಗಿ ಕಂಡರೂ ಸಾಲು ಬೇರೆ ಇರಬಹುದು.

ಮೇಡಂ, ಒಂದು ಕೆಲಸ ಮಾಡಿ. ಆಪ್ ತೋರಿಸುವ ಉತ್ತರವನ್ನು ಕಾಪಿ ಮಾಡಿ ಅದೇ ಪೆಟ್ಟಿಗೆಗೆ ಪೇಸ್ಟ್ ಮಾಡಿ ನೋಡಿ. ಒಪ್ಪಿಕೊಳ್ಳುತ್ತದಾ?

ಸಕಲೇಶಪುರ ಟೀಚರ್
ನನಗೂ ಇದೇ ತೊಂದರೆ. ಅರ್ಕಾವತ್ತು ಹಾಕೋಕೆ ಹೋದರೆ ರ ಪೂರ್ತಿ ಬಂದು ಕೆಳಗೆ ಒತ್ತು ಬರುತ್ತದೆ. ಮಕ್ಕಳ ಅಂಕಪಟ್ಟಿ ಬರೆಯೋಕೆ ಬಹಳ ಕಷ್ಟ. ಪರಿಹಾರ ತಿಳಿಸಿ.

ಹಾಸನಹುಡುಗ
ಟೀಚರ್, ಅದು ಬೇರೆ ವಿಷಯ. ಬೇರೆ ಚರ್ಚೆ ಶುರು ಮಾಡಿ ಪ್ಲೀಸ್.

ಕೀಲಿಮಣೆ
ಪೂರ್ತಿ ಬೇರೆಯಲ್ಲ. ಅಲ್ಲೂ ಕಾಣದ ಅಕ್ಷರದ್ದೇ ಆಟ, ಆಮೇಲೆ ಬರುತ್ತೇನೆ.

ಕಾಫಿಹೂವು
ಪೇಸ್ಟ್ ಮಾಡಿದರೆ ಒಪ್ಪಿಕೊಂಡಿತು! ಕೈಯಲ್ಲಿ ಬರೆದರೆ ಒಪ್ಪಲ್ಲ. ಇದೇನು ಮಾಟನಾ? ಇನ್ನೊಂದು ವಿಚಿತ್ರ. "ಎಸ್ಟೇಟ್" ಅಂತ ಬರೆದಾಗ ಒಪ್ಪಿಕೊಂಡಿತ್ತು.

ಕೀಲಿಮಣೆ
ಸಿಕ್ಕಿತು. ಎರಡನ್ನೂ ಇಲ್ಲಿ ಅಂಟಿಸಿ, ಮೊದಲು ನಿಮ್ಮದು, ಆಮೇಲೆ ಆಪ್‌ನದು.

ಕಾಫಿಹೂವು
ಪಲ್ಪರ್
ಪಲ್ಪರ್‌

ಕೀಲಿಮಣೆ
ಲ್ಯಾಪ್‌ಟಾಪಿನ ಬ್ರೌಸರ್ ಕನ್ಸೋಲಿನಲ್ಲಿ ಎರಡನ್ನೂ ಬಿಡಿಸಿ ನೋಡಿದೆ.

```
[...w].map(c => c.codePointAt(0).toString(16)).join(" ")

caa cb2 ccd caa cb0 ccd
caa cb2 ccd caa cb0 ccd 200c
```

ಮೊದಲ ಸಾಲು ನಿಮ್ಮದು: ಪ, ಲ, ಹಲಂತ, ಪ, ರ, ಹಲಂತ. ಅಲ್ಲಿಗೆ ಮುಗಿಯಿತು. ಎರಡನೆಯದು ಆಪ್‌ನದು. ಅದರ ಬಾಲದಲ್ಲಿ 200c ಇದೆ, ಅದೇ ZWNJ. ಅಗಲವಿಲ್ಲ, ರೂಪವಿಲ್ಲ. ಹಲಂತದ ಮುಂದೆ ಇನ್ನೊಂದು ವ್ಯಂಜನ ಬಂದಾಗ ಅದು ಒತ್ತಾಗದಂತೆ ತಡೆಯುವುದು ಅದರ ಕೆಲಸ. ಪದದ ಕೊನೆಯಲ್ಲಿ ತಡೆಯಲು ಏನೂ ಇಲ್ಲ, ಸುಮ್ನೆ ಕೂತಿದೆ. ಆದರೆ ಆಪ್‌ಗೆ ಆರು ಸಂಕೇತ ಒಂದು ಪದ, ಏಳು ಸಂಕೇತ ಇನ್ನೊಂದು ಪದ.

ಇದು ಎಲ್ಲಿಂದ ಬಂತು ಅಂದರೆ, ನನ್ನ ಊಹೆ, ಪದಪಟ್ಟಿಯ ಒಂದು ಭಾಗವನ್ನು ಹಳೆಯ ಆಸ್ಕಿ ಫೈಲಿನಿಂದ ಯೂನಿಕೋಡ್‌ಗೆ ಪರಿವರ್ತಿಸಿದ್ದಾರೆ. ಕೆಲವು ಕನ್ವರ್ಟರ್‌ಗಳು ಒತ್ತಿಲ್ಲದೆ ಬಿಡಿಯಾಗಿ ನಿಂತ ಹಲಂತ ಕಂಡಲ್ಲೆಲ್ಲ, ಮುಂದೇನಿದೆ ಅಂತ ನೋಡದೆ, ಇದನ್ನು ಸೇರಿಸಿಬಿಡುತ್ತವೆ. "ಎಸ್ಟೇಟ್" ಅನ್ನು ಬೇರೆ ಯಾರೋ ನೇರವಾಗಿ ಟೈಪ್ ಮಾಡಿರಬೇಕು. ಅದಕ್ಕೇ ಒಂದು ಒಪ್ಪುತ್ತದೆ, ಒಂದು ಒಪ್ಪಲ್ಲ. ಕಾಫಿ, ಏಲಕ್ಕಿ ತರಹ ಸ್ವರದಲ್ಲಿ ಮುಗಿಯುವ ಪದಗಳಿಗೆ ಬಾಲದಲ್ಲಿ ಈ ತೊಂದರೆ ಬರುವುದಿಲ್ಲ.

ಫೋನಿನಲ್ಲೇ ಪತ್ತೆ ಮಾಡಬೇಕಾದರೆ ಪದವನ್ನು ನೋಟ್ಸ್‌ನಲ್ಲಿ ಪೇಸ್ಟ್ ಮಾಡಿ ಬ್ಯಾಕ್‌ಸ್ಪೇಸ್ ಒತ್ತಿ. ಮೊದಲ ಸಲ ಒತ್ತಿದಾಗ ಏನೂ ಬದಲಾಗದಿದ್ದರೆ ಅಲ್ಲಿ ಏನೋ ಅಡಗಿದೆ. ನನ್ನ ಆಂಡ್ರಾಯ್ಡ್‌ನಲ್ಲಿ ಹೀಗೆ ತಿಳಿಯುತ್ತದೆ, ಎಲ್ಲ ಫೋನಿನಲ್ಲೂ ಹೀಗೇ ಅಂತಲ್ಲ.

ನುಡಿಪ್ರೇಮಿ
ಎಲ್ಲರೂ ಒಂದೇ ತಂತ್ರಾಂಶ ಬಳಸಿದ್ದರೆ ಈ ಗೋಳೇ ಇರುತ್ತಿರಲಿಲ್ಲ. ಕೆ.ಪಿ. ರಾವ್ ವಿನ್ಯಾಸ ಇರುವಾಗ ಕಂಗ್ಲಿಷ್ ಕೀಬೋರ್ಡ್ ಯಾಕೆ ಬೇಕು?

ಹಾಸನಹುಡುಗ
ಗುರುಗಳೇ, ತೊಂದರೆ ಇರುವುದು ಆಪ್‌ನ ಪಟ್ಟಿಯಲ್ಲಿ, ಅವರ ಕೀಬೋರ್ಡಿನಲ್ಲಲ್ಲ.

ನಾನೂ ಹವ್ಯಾಸಕ್ಕೆ ಒಂದು ಪದಬಂಧ ಮಾಡಿದ್ದೇನೆ. ಹಳೇ ಲ್ಯಾಪ್‌ಟಾಪನ್ನೇ ಸರ್ವರ್ ಮಾಡಿ ಮನೆಯಲ್ಲೇ ಓಡಿಸುತ್ತಿದ್ದೇನೆ, ಕರೆಂಟ್ ಹೋದರೂ ಯುಪಿಎಸ್ ಇದೆ. ಅದರಲ್ಲಿ ಇಂಥದ್ದು ಬರಲ್ಲ. ಎರಡೂ ಕಡೆ `normalize("NFC")` ಮತ್ತು `trim()` ಹಾಕಿದ್ದೇನೆ. ಆಪ್‌ನವರಿಗೆ ಅದನ್ನೇ ಹೇಳಿ, ಮುಗಿಯಿತು.

ಕೀಲಿಮಣೆ
ಅರ್ಧ ಸರಿ. NFC ಬೇಕೇ ಬೇಕು. "ಕೊ" ಅನ್ನುವುದನ್ನು ಒಂದೇ ಸ್ವರಚಿಹ್ನೆಯಾಗಿ cca ಅಂತಲೂ ಇಡಬಹುದು, cc6 cc2 ಅಂತ ಎರಡು ತುಂಡಾಗಿಯೂ ಇಡಬಹುದು. NFC ಅವೆರಡನ್ನೂ ಒಂದು ಮಾಡುತ್ತದೆ. ಆದರೆ 200c, ಅದರಂತೆಯೇ ಕಾಣದ ಇನ್ನೊಂದು ಅಕ್ಷರ 200d, ಎರಡನ್ನೂ ಅದು ಮುಟ್ಟುವುದಿಲ್ಲ. `trim()` ಕೂಡ ಅವನ್ನು ಖಾಲಿ ಜಾಗ ಅಂತ ಎಣಿಸುವುದಿಲ್ಲ. ನಿಮ್ಮ ಪದಬಂಧದಲ್ಲೇ ಪರೀಕ್ಷಿಸಿ ನೋಡಿ. ಹೋಲಿಸುವ ಮೊದಲು ಬೇಕಾದದ್ದು ಇದು:

```
const key = s => s.normalize("NFC")
  .replace(/[\u200B-\u200D\uFEFF]/g, "").trim();
```

ಆಟಗಾರರ ಪದಕ್ಕೂ ಪಟ್ಟಿಯ ಪದಕ್ಕೂ ಇದನ್ನು ಹಾಕಿ, ಆಮೇಲೆ ಹೋಲಿಸಿ. ಮೂಲ ಪಟ್ಟಿಯನ್ನು ಮಾತ್ರ ಅಳಿಸಬೇಡಿ. ಟೀಚರ್ ಹೇಳಿದ್ದು ಇಲ್ಲೇ ಬರುತ್ತದೆ: ರ‍್ಯಾಂಕ್ ಅಂತ ಪೂರ್ತಿ ರ ಕಾಣಬೇಕಾದರೆ ರ ಆದಮೇಲೆ 200d ಇರಬೇಕು, ತೆಗೆದರೆ ಅರ್ಕಾವತ್ತಾಗಿ ರ್ಯಾಂಕ್ ಆಗುತ್ತದೆ. ಹೋಲಿಸಲು ತೆಗೆಯಿರಿ, ತೋರಿಸಲು ಇಟ್ಟುಕೊಳ್ಳಿ. ಟೀಚರ್, ನಿಮ್ಮ ಕೀಬೋರ್ಡ್ ಬಹುಶಃ ಆ 200d ಅನ್ನು ತಾನೇ ತುರುಕುತ್ತಿದೆ. ಯಾವ ಕೀಬೋರ್ಡ್ ಅಂತ ಹೇಳಿ.

ನುಡಿಪ್ರೇಮಿ
ಹಾಗಾದರೆ ರ‍್ಯಾಂಕ್, ರ್ಯಾಂಕ್ ಎರಡಕ್ಕೂ ಅಂಕ ಕೊಡುತ್ತೀರಾ? ಕಾಗುಣಿತಕ್ಕೆ ಬೆಲೆ ಇಲ್ವಾ?

ಕೀಲಿಮಣೆ
ಉಚ್ಚಾರಣೆ ಒಂದೇ. ನಾನು ಕೊಡುತ್ತೇನೆ.

ಹಾಸನಹುಡುಗ
ನನ್ನದರಲ್ಲಿ ಹಾಕಿ ನೋಡಿದೆ. ಪಲ್ಪರ್ ಈಗ ಎರಡೂ ರೀತಿ ಒಪ್ಪುತ್ತದೆ. ಆದರೆ ಹೊಸ ತಲೆನೋವು. ಚೌಕಗಳನ್ನು ಎಣಿಸಲೂ ಅದೇ `key` ಬಳಸಿದೆ. "ಲೈನ್‌ಮನೆ" ಇತ್ತು. ಮೊದಲು ಲೈ, ನ್, ಮ, ನೆ ಅಂತ ನಾಲ್ಕು ಚೌಕ ಬರುತ್ತಿತ್ತು. ಈಗ ಲೈ, ನ್ಮ, ನೆ ಅಂತ ಮೂರೇ! ಅಡ್ಡ ಪದವೆಲ್ಲ ಒಂದು ಚೌಕ ಹಿಂದೆ ಸರಿದು ಕೆಳಗಿನ ಪದಗಳ ಜೊತೆ ಕೂಡುತ್ತಲೇ ಇಲ್ಲ.

ಕೀಲಿಮಣೆ
ಅದಕ್ಕೇ ಹೋಲಿಕೆಗೆ ಮಾತ್ರ ಅಂದದ್ದು. ಪದದ ನಡುವಿನ 200c ಅಕ್ಷರ ಎಲ್ಲಿ ಒಡೆಯುತ್ತದೆ ಅಂತ ಹೇಳುತ್ತದೆ, ಬಾಲದ್ದು ಏನೂ ಹೇಳುವುದಿಲ್ಲ. ಚೌಕವನ್ನು ಮೂಲ ಪದದಿಂದ ಎಣಿಸಿ.

ಹಾಸನಹುಡುಗ
ಮೂಲದಲ್ಲೇ ಯಾರಾದರೂ 200c ಇಲ್ಲದೆ "ಲೈನ್ಮನೆ" ಅಂತ ಬರೆದಿಟ್ಟಿದ್ದರೆ?

ಕೀಲಿಮಣೆ
ಆಗ ಪ್ರೋಗ್ರಾಮ್‌ಗೆ ಗೊತ್ತಾಗುವ ದಾರಿ ನನಗೆ ಕಾಣುತ್ತಿಲ್ಲ. ಪಟ್ಟಿಯನ್ನು ಕೂತು ಓದಬೇಕು.

ಸಕಲೇಶಪುರ ಟೀಚರ್
ಲೈನ್ ಮನೆ ಎರಡು ಪದ ಅಲ್ವಾ? ನಡುವೆ ಜಾಗ ಬಿಡಬೇಕು.

ನುಡಿಪ್ರೇಮಿ
ಕೂಡಿಸಿಯೇ ಬರೆಯಬೇಕು. ಸಮಾಸ ಅದು.

ಕಾಫಿಹೂವು
ನನ್ನ ಅಂಕದ ಕಥೆ ಏನಾಯ್ತು? ಆಪ್‌ನವರಿಗೆ ಮೇಲಿನ ಎರಡು ಸಾಲು ಸಂಕೇತಗಳನ್ನು ಕಳಿಸಿದೆ. "ನಿಮ್ಮ ಕಾಗುಣಿತ ಪರಿಶೀಲಿಸಿ" ಅಂತ ಉತ್ತರ ಬಂತು. ಸದ್ಯಕ್ಕೆ ಆ ಬಾಲದ ಅಕ್ಷರವನ್ನು ನೋಟ್ಸ್‌ನಲ್ಲಿ ಇಟ್ಟುಕೊಂಡಿದ್ದೇನೆ. ಹಲಂತದಲ್ಲಿ ಮುಗಿಯುವ ಪದ ಒಪ್ಪದಿದ್ದರೆ ಅದನ್ನು ಕೊನೆಗೆ ಅಂಟಿಸುತ್ತೇನೆ. "ಡ್ರೈಯರ್" ಹಾಗೇ ಹಸಿರಾಯಿತು. "ಬ್ಯಾಂಕ್‌ಸಾಲ" ಮಾತ್ರ ಏನು ಮಾಡಿದರೂ ಕೆಂಪು.

ಕೀಲಿಮಣೆ
ಅದರ ನಡುವೆ ಇಟ್ಟು ನೋಡಿದಿರಾ? ಕ್ ಆದಮೇಲೆ, ಸಾ ಮೊದಲು.

ಹಾಸನಹುಡುಗ
ಅಂದಹಾಗೆ ಕೀಲಿಮಣೆ ಅಣ್ಣ, ನೀವು ಯಾವ ಮೆಕ್ಯಾನಿಕಲ್ ಕೀಬೋರ್ಡ್ ಬಳಸುತ್ತೀರಿ? ನಾನು ಕನ್ನಡ ಕೀಕ್ಯಾಪ್ ಮಾಡಿಸಿದ್ದೇನೆ, ಫೋಟೋ ಹಾಕುತ್ತೇನೆ ತಡೀರಿ.