ಪದ ಬೇಕು: ‘ಆಂಟಿಥೈರಾಯ್ಡ್’ ಮಾತ್ರೆಗೆ ಏನನ್ನೋಣ?

ಚೀಟಿ ಬರೆಯುವವಳು:
ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಕಾರ್ಬಿಮಜೋಲ್ ತೆಗೆದುಕೊಳ್ಳುವವರ ಕೈಗೆ ಕೊಡುವ ಚೀಟಿ ಇದು. ‘ಥೈರಾಯ್ಡ್ ವಿರೋಧಿ ಮಾತ್ರೆ’ ಅಂತ ಬರೆದು ಪಕ್ಕದ ಮನೆ ಆಂಟಿಗೆ ಓದಲು ಕೊಟ್ಟೆ. ಅವರು ಹತ್ತು ವರ್ಷದಿಂದ ಲೆವೊಥೈರಾಕ್ಸಿನ್ ನುಂಗುತ್ತಿದ್ದಾರೆ. “ಓ, ನನ್ನ ಮಾತ್ರೇನಾ?” ಅಂದರು. ಅವರದ್ದು ಹಾರ್ಮೋನು ತುಂಬುವ ಮಾತ್ರೆ, ಇದು ಪೂರಾ ಉಲ್ಟಾ. ಬೇರೆ ಪದ ಹೇಳಿ, ಇವತ್ತೇ.

ಅಚ್ಚಗನ್ನಡ:
ವಿರೋಧಿ ಸಂಸ್ಕೃತ, ಬಿಡಿ. ‘ತಡೆಮದ್ದು’ ಸಾಕು. ಥೈರಾಯ್ಡ್ ಅನ್ನೋದನ್ನೂ ಬಿಡಿ. ಗ್ರೀಕಿನಲ್ಲಿ ಅದರ ಮೂಲ ಬಾಗಿಲಿನ ಆಕಾರದ ಗುರಾಣಿ. ಹಾಗಾಗಿ ‘ಗುರಾಣಿಗಡ್ಡೆ’ ಅನ್ನಿ.

ಹಳೇ ಕಾಂಪೌಂಡರ್:
ಗಡ್ಡೆ ಅಂತ ಓದಿದವರು ಕ್ಯಾನ್ಸರ್ ಅಂದುಕೊಂಡು ರಾತ್ರಿಯಿಡೀ ನಿದ್ದೆ ಮಾಡಲ್ಲ. ‘ತಡೆಮದ್ದು’ ಅಂದರೆ ಮಕ್ಕಳಾಗದ ಮಾತ್ರೆ ಅನ್ನುತ್ತಾರೆ. ‘ನಿರೋಧಕ’ವಂತೂ ಬೇಡವೇ ಬೇಡ, ಸರ್ಕಾರದ ನಿರೋಧ್ ನೆನಪಿದೆ ಅಲ್ವಾ?

ನಿಮ್ಮ ‘ವಿರೋಧಿ’ ಯಾಕೆ ಸೋತಿತು ನೋಡಿ. ನಮ್ಮ ಜನಕ್ಕೆ ಥೈರಾಯ್ಡ್ ಅಂದರೆ ಗ್ರಂಥಿ ಅಲ್ಲ, ಕಾಯಿಲೆ. “ನಂಗೆ ಥೈರಾಯ್ಡ್ ಇದೆ” ಅಂತಾರೆ. ಹಾಗಾದರೆ ಥೈರಾಯ್ಡ್ ವಿರೋಧಿ ಅಂದರೆ ಆ ಕಾಯಿಲೆಯ ಯಾವ ಮಾತ್ರೆಯೂ ಆಗಬಹುದು.

ಬೆಳಗ್ಗೆ ಕಾಫಿ:
ನಾನೂ ಹತ್ತು ವರ್ಷದಿಂದ ತಗೋತಿದ್ದೀನಿ. ಖಾಲಿ ಹೊಟ್ಟೇಲಿ ನುಂಗಿ ಅರ್ಧ ಗಂಟೆ ಬಿಟ್ಟು ಕಾಫಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ ನಾಲ್ಕು ಗಂಟೆ ಅಂತರ. ಇದನ್ನೂ ಚೀಟಿಗೆ ಹಾಕಿ.

ಹಳೇ ಕಾಂಪೌಂಡರ್:
ಅದು ಲೆವೊಥೈರಾಕ್ಸಿನ್ ಕಥೆ ಕಣಮ್ಮ. ಪ್ರಶ್ನೆ ಓದಿ.

ಸುಳ್ಯದ ಸೊಸೆ:
‘ಥೈರಾಯ್ಡ್ ಜಾಸ್ತಿ ಇರುವವರ ಮಾತ್ರೆ’ ಅಂದರೆ ಮುಗೀತಲ್ಲ?

ಹಳೇ ಕಾಂಪೌಂಡರ್:
ಅಯ್ಯೋ, ಅಲ್ಲೇ ದೊಡ್ಡ ಗುಂಡಿ. ಟಿಎಸ್‌ಎಚ್ ರಿಪೋರ್ಟಿನಲ್ಲಿ 12 ಬಂದರೆ ಮನೆಯವರು “ಥೈರಾಯ್ಡ್ ಜಾಸ್ತಿ” ಅಂತಾರೆ. ನಿಜಕ್ಕೂ ಸಾಮಾನ್ಯವಾಗಿ ಆಗಿರೋದು ಕಡಿಮೆ. ಹಾರ್ಮೋನು ಸಾಲದೆ ಮೆದುಳಿನ ಕೆಳಗಿನ ಗ್ರಂಥಿ ಕೂಗುತ್ತಿರುತ್ತದೆ, ಆ ಕೂಗೇ ಟಿಎಸ್‌ಎಚ್. ಜಾಸ್ತಿ, ಕಡಿಮೆ ಎರಡನ್ನೂ ನಂಬಬೇಡಿ. ಮಾತ್ರೆ ಏನು ಮಾಡುತ್ತೆ ಅಂತ ಹೇಳಿ: ‘ಹಾರ್ಮೋನು ತಯಾರಿ ತಡೆಯುವ ಮಾತ್ರೆ’. ತಯಾರಿ ಅನ್ನೋ ಮಾತು ಮುಖ್ಯ. ಹೊಸದಾಗಿ ಆಗೋದನ್ನು ಮಾತ್ರ ಅದು ತಡೆಯುತ್ತೆ, ಗ್ರಂಥಿಯೊಳಗೆ ಆಗಲೇ ಕೂಡಿಟ್ಟಿರೋದು ಖಾಲಿಯಾಗೋಕೆ ವಾರಗಳು ಬೇಕು. ಅದಕ್ಕೇ ನಾಲ್ಕು ದಿನ ನುಂಗಿ “ಎದೆ ಇನ್ನೂ ಡವಡವ ಅಂತಿದೆ, ಮಾತ್ರೆ ಕೆಲಸ ಮಾಡಲ್ಲ” ಅಂತ ಬಿಡಬಾರದು. ಇನ್ನೊಂದು, ಈ ಗ್ರಂಥಿಯ ಹಾರ್ಮೋನುಗಳಾದ ಟಿ4, ಟಿ3 ಸರಿಹೋದ ಮೇಲೂ ಟಿಎಸ್‌ಎಚ್ ತಿಂಗಳುಗಟ್ಟಲೆ ಕೆಳಗೇ ಇರಬಹುದು. ಅದೊಂದನ್ನೇ ನೋಡಿ ಡೋಸ್ ಏರಿಸಿದರೆ ಹಾರ್ಮೋನು ಇಲ್ಲದಂತಾಗುತ್ತೆ. ಮೊದಮೊದಲು ಟಿ4, ಟಿ3 ನೋಡಬೇಕು, ನಾಲ್ಕರಿಂದ ಆರು ವಾರಕ್ಕೊಮ್ಮೆ.

ಅಚ್ಚಗನ್ನಡ:
ಹಾರ್ಮೋನು, ತಯಾರಿ, ಮಾತ್ರೆ. ಒಂದಾದರೂ ನಮ್ಮದಾ?

ಚೀಟಿ ಬರೆಯುವವಳು:
ನಮ್ಮದಲ್ಲದಿದ್ದರೂ ಅಂಗಡಿಯವನಿಗೆ ಗೊತ್ತಾಗುತ್ತೆ ಸಾರ್. ಇನ್ನೊಂದು ತೊಡಕು: ‘ಅಗ್ರಾನ್ಯುಲೋಸೈಟೋಸಿಸ್ ಕಂಡುಬಂದಲ್ಲಿ ವೈದ್ಯರನ್ನು ಸಂಪರ್ಕಿಸಿ’. ಇದಕ್ಕೆ ಪದ?

ಶಿವಮೊಗ್ಗದಿಂದ:
ದಯವಿಟ್ಟು ಆ ಪದವನ್ನೇ ತೆಗೆಯಿರಿ. ನಮ್ಮ ಚಿಕ್ಕಮ್ಮ ಕಾರ್ಬಿಮಜೋಲ್ ಶುರು ಮಾಡಿ ಎರಡು ತಿಂಗಳಾಗಿತ್ತು. ಗಂಟಲು ನೋವು, ಜ್ವರ ಬಂತು. ಮಳೆಗಾಲದ ಶೀತ ಅಂದುಕೊಂಡು ಮೆಡಿಕಲ್ ಶಾಪಿನ ಆಂಟಿಬಯೋಟಿಕ್ ನುಂಗಿದರು, ಜೊತೆಗೆ ಈ ಮಾತ್ರೆಯನ್ನೂ ಮುಂದುವರಿಸಿದರು. ಮೂರನೇ ದಿನ ಬಾಯಿ ತುಂಬಾ ಹುಣ್ಣು. ರಕ್ತ ನೋಡಿದಾಗ ಸೋಂಕಿನ ಜೊತೆ ಹೋರಾಡುವ ಬಿಳಿ ಕಣ ನೂರರಷ್ಟೂ ಇರಲಿಲ್ಲ, ಸಾವಿರಗಟ್ಟಲೆ ಇರಬೇಕಾದದ್ದು. ಹತ್ತು ದಿನ ಆಸ್ಪತ್ರೆ. ಅವರ ಹತ್ತಿರವೂ ಒಂದು ಚೀಟಿ ಇತ್ತು, ನೀವು ಬರೆದಿರುವಂಥದ್ದೇ ಪದ ಅದರಲ್ಲಿತ್ತು.

ಸುಳ್ಯದ ಸೊಸೆ:
ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತಾರಲ್ಲ, ಅದರಲ್ಲಿ ಸಿಕ್ಕಿಬೀಳುತ್ತಿತ್ತು.

ಹಳೇ ಕಾಂಪೌಂಡರ್:
ಸಿಗೋದು ಕಷ್ಟ. ಕೆಲವೇ ದಿನದಲ್ಲಿ ಕಣ ದಿಢೀರನೆ ಬಿದ್ದುಬಿಡುತ್ತೆ, ಹೋದ ವಾರದ ರಿಪೋರ್ಟ್ ಚೆನ್ನಾಗಿರುತ್ತೆ. ಹೀಗಾಗೋದು ಅಪರೂಪ, ಸಾವಿರ ಜನರಲ್ಲಿ ಎರಡು ಮೂರು ಮಂದಿಗೆ, ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ. ಆಮೇಲೆ ಚಿಕ್ಕಮ್ಮನಿಗೆ ಏನು ಕೊಟ್ಟರು?

ಶಿವಮೊಗ್ಗದಿಂದ:
ಅದೇ ಜಾತಿಯ ಇನ್ನೊಂದು ಮಾತ್ರೆಯೂ ಬೇಡ ಅಂದರು. ರೇಡಿಯೋ ಅಯೋಡಿನ್ ಕೊಟ್ಟರು. ಸಾದಾ ಅಯೋಡಿನ್ ಅಂದುಕೊಂಡು ಗ್ರಂಥಿ ಅದನ್ನು ಒಳಗೆಳೆದುಕೊಂಡು ತಾನೇ ಸುಟ್ಟುಹೋಗುತ್ತಂತೆ. ಐದು ತಿಂಗಳಿಗೆ ಹಾರ್ಮೋನು ಪೂರಾ ಇಳಿಯಿತು. ಈಗ ದಿನಾ ಲೆವೊಥೈರಾಕ್ಸಿನ್. ಹಳೇ ಕಾರ್ಬಿಮಜೋಲ್ ಡಬ್ಬಿ ಇನ್ನೂ ಅದೇ ಕಪಾಟಿನಲ್ಲಿತ್ತು, ಎರಡಕ್ಕೂ ಚಿಕ್ಕಪ್ಪ ‘ಥೈರಾಯ್ಡ್ ಮಾತ್ರೆ’ ಅಂತಲೇ ಅಂಟಿಸಿದ್ದರು. ನಾನೇ ಎಸೆದೆ.

ಅಚ್ಚಗನ್ನಡ:
ಸುಡುವುದರಿಂದ ‘ಸುಡುಅಯೋಡಿನ್’ ಅನ್ನಬಹುದು.

ಹಳೇ ಕಾಂಪೌಂಡರ್:
ಬೇಡ.

ಚೀಟಿ ಬರೆಯುವವಳು:
ಸರಿ, ಹೀಗೆ ಕಳಿಸ್ತೀನಿ: ‘ಇದು ಹಾರ್ಮೋನು ತಯಾರಿ ತಡೆಯುವ ಮಾತ್ರೆ. ಜ್ವರ, ಗಂಟಲು ನೋವು ಅಥವಾ ಬಾಯಿ ಹುಣ್ಣು ಬಂದರೆ ಈ ಮಾತ್ರೆ ನಿಲ್ಲಿಸಿ, ಅದೇ ದಿನ ಆಸ್ಪತ್ರೆಗೆ ಹೋಗಿ ಬಿಳಿ ಕಣದ ರಕ್ತ ಪರೀಕ್ಷೆ ಮಾಡಿಸಿ. ಈ ಚೀಟಿ ತೋರಿಸಿ.’ ‘ನಿಲ್ಲಿಸಿ’ ದಪ್ಪಕ್ಷರದಲ್ಲಿ.

ಅಚ್ಚಗನ್ನಡ:
‘ಪರೀಕ್ಷೆ’ ಬದಲು ‘ಒರೆ’ ಹಾಕಬಹುದಿತ್ತು.