ಅಪ್‌ಡೇಟ್: ಉಚಿತ ಆಡಿಟ್ ಕಳಿಸಿದ್ದು ಕೆಲಸ ಮಾಡಿತು

ನಾನು ಕೇಳಿದ್ದು: "ಹೋಮ್‌ಸ್ಟೇಗಳಿಗೆ ವೆಬ್‌ಸೈಟ್ ಆಡಿಟ್ ಫ್ರೀಯಾಗಿ ಮಾಡಿ ಕಳಿಸುತ್ತಿದ್ದೇನೆ, ಯಾರೂ ಉತ್ತರ ಕೊಡುತ್ತಿಲ್ಲ, ಏನು ತಪ್ಪು?"

ತಪ್ಪು ಸಿಕ್ಕಿತು. ಟೂಲ್‌ನಿಂದ ತೆಗೆದ 20 ಪುಟದ ರಿಪೋರ್ಟನ್ನು ಹಾಗೇ ಕಳಿಸುತ್ತಿದ್ದೆ. ಅದನ್ನು ಓದೋಕೆ ಮಾಲೀಕರಿಗೆ ಪುರುಸೊತ್ತು ಎಲ್ಲಿ?

ಈ ಸಲ ಚಿಕ್ಕಮಗಳೂರಿನ ಒಂದು ಹೋಮ್‌ಸ್ಟೇಯ ಸೈಟನ್ನು ಅತಿಥಿಯ ಥರ ಫೋನಿನಲ್ಲೇ ತೆರೆದು, ರೂಮ್ ಬುಕ್ ಮಾಡೋಕೆ ಹೊರಟೆ. ಮೊಬೈಲ್ ನಂಬರ್ ಒತ್ತಿದರೆ ಕರೆ ಹೋಗಲಿಲ್ಲ, ಯಾಕಂದ್ರೆ ಅದು ಬ್ಯಾನರ್ ಫೋಟೋದೊಳಗಿನ ಅಕ್ಷರ, ಮಾಮೂಲಿ ಅಕ್ಷರದ ಥರ ಕಾಪಿ ಕೂಡ ಆಗಲ್ಲ. ಅಷ್ಟನ್ನೇ 2 ನಿಮಿಷ ಸ್ಕ್ರೀನ್ ರೆಕಾರ್ಡ್ ಮಾಡಿ, ನಂಬರನ್ನು ಫೋಟೋದಲ್ಲಿ ಬಿಡದೆ ಪುಟದಲ್ಲೇ ಟೈಪ್ ಮಾಡಿ `tel:` ಲಿಂಕ್ ಹಾಕಿದರೆ ಸರಿಹೋಗುತ್ತೆ, ನಿಮ್ಮ ಹುಡುಗರೇ ಮಾಡಬಹುದು ಅಂತ ವಾಟ್ಸಾಪ್ ಮಾಡಿದೆ. ರೇಟ್ ಹೇಳಲಿಲ್ಲ.

ಸಂಜೆಗೇ ಫೋನ್ ಬಂತು. "ಬುಕಿಂಗ್ ಫಾರ್ಮ್ ಕೂಡ ನೋಡ್ತೀರಾ?" ಅಂದರು. ಅವರಿಗೆ ಹೇಳಿಯೇ ಒಂದು ಎನ್‌ಕ್ವೈರಿ ಹಾಕಿದೆ. ಅದು ಕೆಲಸ ಬಿಟ್ಟುಹೋದ ಮ್ಯಾನೇಜರ್ ಮೇಲ್‌ಗೆ ಹೋಗುತ್ತಿತ್ತು! ಇದು ಹೊರಗಿನಿಂದ ನೋಡಿದರೆ ಗೊತ್ತೇ ಆಗಲ್ಲ, ಅದಕ್ಕೇ ಆ ಭಾಗಕ್ಕೆ ದುಡ್ಡು ಕೇಳಿದೆ, ಒಪ್ಪಿದರು.

ಒಬ್ಬೊಬ್ಬರಿಗೆ 30 ನಿಮಿಷ ಮಾತ್ರ ಕೊಡುತ್ತೇನೆ. ಅಷ್ಟರಲ್ಲಿ ನಿಜವಾದ ತೊಂದರೆ ಕಾಣದಿದ್ದರೆ ಏನೂ ಕಳಿಸಲ್ಲ.